ಅಸರ್ ನಮಾಝಿಗೆ ಎರಡು ಸಮಯ, ಎರಡೂ ಸರಿ

ಮಾರ್ಚ್ 20ರ ಸುಮಾರಿಗೆ ಮಂಗಳೂರಿನಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನಡುಹಗಲಲ್ಲಿ ಅದರ ನೆರಳು ಹೆಚ್ಚುಕಮ್ಮಿ 23 ಸೆಂ.ಮೀ. ಇರುತ್ತದೆ. ಶಾಫಿ ಕರ್ಮಶಾಸ್ತ್ರದ ಪ್ರಕಾರ ಅದಕ್ಕೆ ಕೋಲಿನಷ್ಟೇ ಉದ್ದ ಸೇರಿ ನೆರಳು 123 ಸೆಂ.ಮೀ. ಆದಾಗ, ಅಂದರೆ ಸಂಜೆ ನಾಲ್ಕರ ಆಸುಪಾಸಿಗೆ, ಅಸರ್ ನಮಾಝಿನ ಸಮಯ ಶುರುವಾಗುತ್ತದೆ. ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಕೋಲಿನ ಎರಡು ಪಟ್ಟು ಸೇರಿ 223 ಸೆಂ.ಮೀ. ಆಗಬೇಕು. ಆಗ ಗಂಟೆ ಐದರ ಹತ್ತಿರ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಗಳು, ಘಟ್ಟದ ಮೇಲೆ ಅಬೂ ಹನೀಫಾರನ್ನು ಅನುಸರಿಸುವ ಹನಫಿಗಳೇ ಹೆಚ್ಚು. ಹೀಗಾಗಿ ಈ ಒಂದು ಗಂಟೆಯ ಅಂತರ ನಮ್ಮಲ್ಲೂ ಇದೆ.

ಇಬ್ಬರಿಗೂ ಆಧಾರವಿದೆ. ದೇವದೂತ ಜಿಬ್ರೀಲ್ ಮೊದಲ ದಿನ ಪ್ರವಾದಿಯವರಿಗೆ ಅಸರ್ ಮಾಡಿಸಿದ್ದು ನೆರಳು ವಸ್ತುವಿನಷ್ಟಾದಾಗ ಎಂಬ ಹದೀಸನ್ನು, ಅಂದರೆ ಪ್ರವಾದಿಯವರ ನುಡಿ-ನಡೆಯ ವರದಿಯನ್ನು, ಶಾಫಿಗಳು ಹಿಡಿಯುತ್ತಾರೆ. ಬಿಸಿಲು ಜೋರಾಗಿದ್ದಾಗ ಮಧ್ಯಾಹ್ನದ ಝುಹರ್ ನಮಾಝನ್ನು ತಂಪಾಗುವವರೆಗೆ ತಡಮಾಡಿ ಎಂಬ ಹದೀಸನ್ನು ಹನಫಿಗಳು ಮುಂದಿಡುತ್ತಾರೆ. ಅರಬ್ ನಾಡಿನಲ್ಲಿ ನೆರಳು ಒಂದು ಪಟ್ಟಾದಾಗಲೂ ಸೆಕೆ ಇಳಿದಿರುವುದಿಲ್ಲ, ಆದ್ದರಿಂದ ಆಗಿನ್ನೂ ಝುಹರ್ ಮುಗಿದಿಲ್ಲ ಎಂಬುದು ಅವರ ವಾದ. ಅಬೂ ಹನೀಫಾರ ಇಬ್ಬರು ಪ್ರಮುಖ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಈ ವಿಷಯದಲ್ಲಿ ಗುರುಗಳನ್ನು ಒಪ್ಪದೆ ಒಂದು ಪಟ್ಟಿನ ಕಡೆ ನಿಂತರು. ಹಾಗೆಂದು ಅವರನ್ನು ಯಾರೂ ಹನಫಿಗಳಲ್ಲ ಎನ್ನಲಿಲ್ಲ.

ದಿನಕ್ಕೆ ಐದು ಹೊತ್ತು ನಮಾಝ್ ಎಂಬಲ್ಲಿ ಭಿನ್ನಮತಕ್ಕೆ ಜಾಗವಿಲ್ಲ, ಅದರ ಆಧಾರ ಖಚಿತ. ಆಧಾರವನ್ನು ಎರಡು ಬಗೆಯಲ್ಲಿ ಅರ್ಥೈಸಬಹುದಾದ ಕಡೆ ಮಾತ್ರ ಇಜ್ತಿಹಾದ್, ಅಂದರೆ ವಿದ್ವಾಂಸನ ಸ್ವಂತ ಶೋಧ, ನಡೆಯುತ್ತದೆ. ಶೋಧಿಸಿ ಸರಿಯಾದ ತೀರ್ಪಿಗೆ ಬಂದ ನ್ಯಾಯಾಧೀಶನಿಗೆ ಎರಡು ಪ್ರತಿಫಲ, ತಪ್ಪಿದವನಿಗೂ ಒಂದು ಎಂದು ಹದೀಸಿನಲ್ಲೇ ಇದೆ. ನನ್ನ ದೃಷ್ಟಿಯಲ್ಲಿ ಭಿನ್ನಮತವನ್ನು ಗೌರವಿಸುವ ಈ ಇಡೀ ಶಿಷ್ಟಾಚಾರ ನಿಂತಿರುವುದು ಆ ಒಂದು ಪ್ರತಿಫಲದ ಮೇಲೆ. ಪ್ರಾಮಾಣಿಕವಾಗಿ ಹುಡುಕಿ ಎಡವಿದವನು ಪಾಪಿಯಲ್ಲ ಎಂದಾದಮೇಲೆ ಅವನನ್ನು ದೂರವಿಡಲು ಕಾರಣವೇ ಉಳಿಯುವುದಿಲ್ಲ.

ರಕ್ತ ಹರಿದರೆ ವುಝೂ, ಅಂದರೆ ನಮಾಝಿಗೆ ಮುಂಚೆ ಮಾಡುವ ಅಂಗಶುದ್ಧಿ, ಮುರಿಯುತ್ತದೆ ಎಂಬುದು ಹನ್ಬಲಿ ಪಂಥದ ಇಮಾಮ್ ಅಹ್ಮದ್ ಅವರ ನಿಲುವಾಗಿತ್ತು, ಮಾಲಿಕಿ ಪಂಥದ ಇಮಾಮ್ ಮಾಲಿಕ್ ಅದನ್ನು ಒಪ್ಪುತ್ತಿರಲಿಲ್ಲ. ರಕ್ತ ಬಂದರೂ ವುಝೂ ಮಾಡದ ಇಮಾಮರ ಹಿಂದೆ ನಮಾಝ್ ಮಾಡುವಿರಾ ಎಂದು ಅಹ್ಮದರನ್ನು ಕೇಳಿದಾಗ, ಮಾಲಿಕರ ಹಿಂದೆ ಮಾಡದಿರಲು ಹೇಗೆ ಸಾಧ್ಯ ಎಂದು ಉತ್ತರಿಸಿದರೆಂದು ವರದಿಯಿದೆ. ಅಸರ್ ವಿಷಯದಲ್ಲಂತೂ ಹನಫಿ ವಿದ್ವಾಂಸರು ಭಿನ್ನಮತದಿಂದ ಪಾರಾಗುವ ದಾರಿಯನ್ನೇ ತೋರಿಸಿದ್ದಾರೆ. ನೆರಳು ಒಂದು ಪಟ್ಟಾಗುವ ಮೊದಲು ಝುಹರ್ ಮುಗಿಸಿ, ಎರಡು ಪಟ್ಟಾದ ಮೇಲೆ ಅಸರ್ ಮಾಡಿದರೆ ಎರಡೂ ಪಂಥಗಳ ಲೆಕ್ಕದಲ್ಲಿ ನಮಾಝ್ ಸಿಂಧು.

ಕೆಡುವುದು ಪ್ರತಿಯೊಂದು ಪಂಥದಿಂದ ಸುಲಭವಾದದ್ದನ್ನಷ್ಟೇ ಆರಿಸಿ ಬೆರೆಸಿದಾಗ. ಒಬ್ಬನಿಗೆ ಗಾಯವಾಗಿ ರಕ್ತ ಹರಿಯಿತು, ಶಾಫಿ ಪ್ರಕಾರ ವುಝೂ ಉಳಿಯಿತು. ಆಮೇಲೆ ಹೆಂಡತಿಯ ಕೈ ತಾಗಿತು, ಹನಫಿ ಪ್ರಕಾರ ಅದರಿಂದಲೂ ಮುರಿಯದು. ಅವನು ಹಾಗೇ ನಮಾಝಿಗೆ ನಿಂತರೆ ರಕ್ತದಿಂದಾಗಿ ಹನಫಿಗಳು, ಸ್ಪರ್ಶದಿಂದಾಗಿ ಶಾಫಿಗಳು ಅದನ್ನು ಅಸಿಂಧು ಎನ್ನುತ್ತಾರೆ.