ಅಮೀರನ ನಿಲುವಂಗಿಯ ನೀಲಿ

ರಷ್ಯಾದ ಛಾಯಾಗ್ರಾಹಕ ಸೆರ್ಗೈ ಪ್ರೊಕುಡಿನ್-ಗೋರ್ಸ್ಕಿ 1911ರಲ್ಲಿ ಮಧ್ಯ ಏಷ್ಯಾದ ಬುಖಾರಾದ ದೊರೆ ಅಮೀರ ಆಲಿಂ ಖಾನನ ಚಿತ್ರವೊಂದನ್ನು ತೆಗೆದರು. ಕುರ್ಚಿಯ ಮೇಲೆ ಕುಳಿತ ಅಮೀರ ತೊಟ್ಟಿರುವುದು ಹೂಬಳ್ಳಿಗಳಿರುವ ಕಡುನೀಲಿ ರೇಷ್ಮೆಯ ನಿಲುವಂಗಿ. ಅದರ ಬಣ್ಣ ನಮಗೆ ಊಹೆಯಿಂದ ತಿಳಿದದ್ದಲ್ಲ. ಪ್ರೊಕುಡಿನ್-ಗೋರ್ಸ್ಕಿ ಒಂದೇ ದೃಶ್ಯವನ್ನು ನೀಲಿ, ಹಸಿರು ಮತ್ತು ಕೆಂಪು ಫಿಲ್ಟರುಗಳ ಮೂಲಕ ಒಂದರ ಬೆನ್ನಿಗೊಂದರಂತೆ ಮೂರು ಸಲ ಉದ್ದನೆಯ ಗಾಜಿನ ಫಲಕದ ಮೇಲೆ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿಯುತ್ತಿದ್ದರು. ಆ ಮೂರನ್ನು ಅವವೇ ಬಣ್ಣಗಳ ಬೆಳಕಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ನಿಜದ ಬಣ್ಣಕ್ಕೆ ಬಹಳ ಹತ್ತಿರವಾದದ್ದು ಮರಳಿ ಬರುತ್ತದೆ. ಕಪ್ಪು-ಬಿಳುಪು ಚಿತ್ರಗಳಿಗೆ ಕೃತಕ ಬುದ್ಧಿಮತ್ತೆ ತುಂಬುವ ಬಣ್ಣವನ್ನು ಎಷ್ಟು ನಂಬಬಹುದು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ತಿಳಿದಿಲ್ಲ.

ಬಣ್ಣ ತುಂಬುವ ತಂತ್ರಾಂಶಗಳ ಕಲಿಕೆ ಸರಳವಾದ ಉಪಾಯವೊಂದರ ಮೇಲೆ ನಿಂತಿದೆ. ಇಂದಿನ ಲಕ್ಷಾಂತರ ವರ್ಣಚಿತ್ರಗಳನ್ನು ತೆಗೆದುಕೊಂಡು, ಬಣ್ಣವನ್ನು ಅಳಿಸಿ ಹೊಳಪನ್ನಷ್ಟೇ ಉಳಿಸಿ, ಅಳಿಸಿದ ಬಣ್ಣವನ್ನು ಊಹಿಸುವಂತೆ ನರಜಾಲವನ್ನು, ಎಂದರೆ ಉದಾಹರಣೆಗಳಿಂದ ಕಲಿಯುವ ತಂತ್ರಾಂಶವನ್ನು, ತರಬೇತಿಗೊಳಿಸುತ್ತಾರೆ. ಹುಲ್ಲು, ಆಕಾಶ, ಎಲೆಗಳ ವಿಷಯದಲ್ಲಿ ಈ ಊಹೆ ಬಹುಮಟ್ಟಿಗೆ ಸರಿಯಾಗುತ್ತದೆ, ಏಕೆಂದರೆ ಅಲ್ಲಿ ಆಕಾರವೇ ಬಣ್ಣದ ಸುಳಿವು ಕೊಡುತ್ತದೆ. ಬಟ್ಟೆಯ ವಿಷಯದಲ್ಲಿ ಅಂಥ ಸುಳಿವಿಲ್ಲ, ನಿಲುವಂಗಿ ಯಾವ ಬಣ್ಣದ್ದಾದರೂ ಇರಬಹುದು. ಎಲ್ಲ ಸಾಧ್ಯತೆಗಳಿಂದಲೂ ಆದಷ್ಟು ಕಡಿಮೆ ದೂರವಿರುವ ಉತ್ತರವನ್ನು ಹುಡುಕುವ ನರಜಾಲ ಅವುಗಳ ಸರಾಸರಿಯತ್ತ ಜಾರುತ್ತದೆ, ಆ ಸರಾಸರಿ ಬಹುತೇಕ ಮಂಕಾದ ಕಂದು. 2016ರಲ್ಲಿ ಸಂಶೋಧಕರಾದ ಝಾಂಗ್, ಇಸೋಲಾ ಮತ್ತು ಎಫ್ರೋಸ್ ಈ ಮಂಕನ್ನು ಕಳೆಯಲು, ಅಪರೂಪದ ಗಾಢ ಬಣ್ಣಗಳಿಗೆ ತರಬೇತಿಯಲ್ಲಿ ಹೆಚ್ಚಿನ ತೂಕ ಕೊಟ್ಟರು. ನಿಜವಾದ ಚಿತ್ರವನ್ನೂ ಯಂತ್ರ ಬಣ್ಣ ತುಂಬಿದ ಚಿತ್ರವನ್ನೂ ಒಟ್ಟಿಗೆ ತೋರಿಸಿ ಯಾವುದು ನಕಲಿ ಎಂದು ಕೇಳಿದಾಗ, ನೋಡಿದವರು ಶೇ. 32ರಷ್ಟು ಸಲ ಮೋಸಹೋದರು. ಗಮನಿಸಬೇಕಾದದ್ದೇನೆಂದರೆ, ಆ ಪರೀಕ್ಷೆ ಅಳೆದದ್ದು ನೋಡುವವರಿಗೆ ಚಿತ್ರ ಸಹಜವೆನಿಸುತ್ತದೆಯೇ ಎಂಬುದನ್ನು, ಬಣ್ಣ ಸರಿಯಿದೆಯೇ ಎಂಬುದನ್ನಲ್ಲ.

ಬಣ್ಣ ಅಳಿಸಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಕಂಪ್ಯೂಟರಿನಲ್ಲಿ ಬೂದುಮಟ್ಟವನ್ನು ಪಡೆಯುವ ಪ್ರಚಲಿತ ಸೂತ್ರವೊಂದು ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114ರಷ್ಟು ತೂಕ ಕೊಡುತ್ತದೆ. ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಕೆಂಪು, ಹಸಿರು, ನೀಲಿ ಅಂಶಗಳು ಅನುಕ್ರಮವಾಗಿ 200, 30, 30 ಇರುವ ಕೆಂಪು ಬಟ್ಟೆಯೊಂದನ್ನೂ 40, 70, 245 ಇರುವ ನೀಲಿ ಬಟ್ಟೆಯೊಂದನ್ನೂ ಈ ಸೂತ್ರಕ್ಕೆ ಹಾಕಿದರೆ ಎರಡಕ್ಕೂ ಸುಮಾರು 81 ಎಂಬ ಒಂದೇ ಬೂದು ಸಿಗುತ್ತದೆ. 20, 120, 40 ಇರುವ ಹಸಿರು ಬಟ್ಟೆಗೂ ಅದೇ 81. ಆ ಬೂದಿನಿಂದ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಎಷ್ಟೇ ಚಿತ್ರಗಳನ್ನು ನೋಡಿ ಕಲಿತ ಯಂತ್ರವೂ ಇಲ್ಲಿ ಆರಿಸಿಕೊಳ್ಳುವುದು ತಾನು ಹೆಚ್ಚಾಗಿ ಕಂಡದ್ದನ್ನೇ.

ಹಳೆಯ ಚಿತ್ರಗಳಲ್ಲಿ ಸಮಸ್ಯೆ ಇನ್ನೂ ಆಳದ್ದು, ಏಕೆಂದರೆ ಅವುಗಳ ಬೂದು ಈ ಸೂತ್ರದಿಂದ ಬಂದದ್ದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಗಾಜಿನ ಫಲಕಗಳ ಲೇಪ ನೀಲಿ ಮತ್ತು ನೇರಳಾತೀತ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಲೇಪಕ್ಕೆ ವರ್ಣದ್ರವ್ಯ ಬೆರೆಸಿದರೆ ಅದು ಇತರ ಬಣ್ಣಗಳಿಗೂ ಸ್ಪಂದಿಸುತ್ತದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡರು. ಆದರೂ ಕೆಂಪನ್ನು ಕಾಣದ ಫಲಕಗಳೂ ಫಿಲ್ಮುಗಳೂ ಮುಂದೆ ದಶಕಗಳ ಕಾಲ ಬಳಕೆಯಲ್ಲಿದ್ದವು. ನೀಲಿಯನ್ನು ಮಾತ್ರ ಕಾಣುವ ಫಲಕದ ಮುಂದೆ ಮೇಲಿನ ಬಟ್ಟೆಗಳನ್ನಿಟ್ಟರೆ, ಸ್ಥೂಲವಾಗಿ ಹೇಳುವುದಾದರೆ, ಕೆಂಪು 30ಕ್ಕೆ ಇಳಿದು ಕಪ್ಪಾಗುತ್ತದೆ, ನೀಲಿ 245ಕ್ಕೆ ಏರಿ ಬಿಳಿಯಾಗುತ್ತದೆ. ನಮ್ಮ ಮನೆಗಳ ಗೋಡೆಗಳಲ್ಲಿರುವ ಮುತ್ತಜ್ಜಿಯರ ಹಳೆಯ ಚಿತ್ರಗಳಲ್ಲಿ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಆದರೆ ಯಂತ್ರ ಕಲಿತದ್ದು ಸೂತ್ರದ ಬೂದನ್ನು. ಹಳೆಯ ಫಲಕದ ಕಪ್ಪು ಅದಕ್ಕೆ ಕಪ್ಪೇ, ಬಿಳಿ ಬಿಳಿಯೇ. ಹಾಗಾಗಿ ಕಡುಗೆಂಪು ಸೀರೆ ಕಪ್ಪು ಅಥವಾ ಕಂದು ಸೀರೆಯಾಗಿ ಮರಳಬಹುದು. ನೋಡುವವರಿಗೆ ಅನುಮಾನವೂ ಬಾರದು, ಏಕೆಂದರೆ ಕಂದು ಸೀರೆಯಲ್ಲಿ ಅಸಹಜವೇನೂ ಇಲ್ಲ. ಚರ್ಮ ಹಸಿರಾಗಿ ಬಂದರೆ ತಪ್ಪು ತಾನೇ ಎದ್ದು ಕಾಣುತ್ತದೆ. ನನಗೆ ಹೆಚ್ಚು ಆತಂಕ ತರುವುದು ಹೀಗೆ ಒಪ್ಪುವಂತೆ ಕಾಣುವ ತಪ್ಪು.

ಇಂಥಲ್ಲಿ ಉತ್ತರ ಸಿಗುವುದಾದರೆ ಅದು ಚಿತ್ರದ ಹೊರಗೆ: ಪೆಟ್ಟಿಗೆಯಲ್ಲಿ ಉಳಿದ ಬಟ್ಟೆಯಲ್ಲಿ, ಸಮವಸ್ತ್ರದ ನಿಯಮಗಳಲ್ಲಿ, ಆ ಕಾಲದ ಪತ್ರಗಳಲ್ಲಿ. ಅವು ಯಾವುವೂ ಇಲ್ಲದಿದ್ದರೆ ಒಂದೇ ಚಿತ್ರಕ್ಕೆ ಎರಡು ಮೂರು ಬಗೆಯಲ್ಲಿ ಬಣ್ಣ ತುಂಬಿ ಮೂಲದ ಪಕ್ಕದಲ್ಲೇ ತೋರಿಸುವುದು ಒಂದೇ ಬಣ್ಣವನ್ನು ಸತ್ಯವೆಂಬಂತೆ ಮುಂದಿಡುವುದಕ್ಕಿಂತ ಪ್ರಾಮಾಣಿಕವಾದದ್ದೆಂದು ನನ್ನ ನಿಲುವು.

ಅಮೀರನ ಮೂರು ಚಿತ್ರಗಳು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಇವುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಲು ಕಲಿಯುವ ವಿದ್ಯಾರ್ಥಿಗಳಿಗೆ ಅಮೀರ ಹೆಸರಾಂತ ತೊಡಕು. ನಿಲುವಂಗಿಯ ಹೊಳಪು ಒಂದು ಚಿತ್ರದಿಂದ ಇನ್ನೊಂದಕ್ಕೆ ತೀರ ಬೇರೆಯಾಗುವುದರಿಂದ, ಹೊಳಪನ್ನು ನೇರವಾಗಿ ಹೋಲಿಸುವ ಕ್ರಮ ಅಲ್ಲಿ ಎಡವುತ್ತದೆ. ನೀಲಿ ಫಿಲ್ಟರಿನ ಚಿತ್ರದಲ್ಲಿ ನಿಲುವಂಗಿ ತೆಳುವಾಗಿ ಬೆಳಗುತ್ತದೆ, ಕೆಂಪು ಫಿಲ್ಟರಿನದರಲ್ಲಿ ಕತ್ತಲಾಗುತ್ತದೆ. ಬಣ್ಣ ತುಂಬುವ ಯಾವುದೇ ತಂತ್ರಾಂಶಕ್ಕೆ ಈ ಮೂರನ್ನೂ ಬೇರೆಬೇರೆಯಾಗಿ ಕೊಟ್ಟು, ಬಂದ ಮೂರು ನಿಲುವಂಗಿಗಳನ್ನು ಕೂಡಿಸಿದ ಚಿತ್ರದ ನೀಲಿಯ ಪಕ್ಕದಲ್ಲಿಟ್ಟು ನೋಡಬಹುದು. ಈ ಮೂರರಲ್ಲಿ, ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಛಾಯಾಗ್ರಾಹಕರ ಫಲಕ ಕಾಣುತ್ತಿದ್ದುದಕ್ಕೆ ಅತ್ಯಂತ ಹತ್ತಿರವಾದದ್ದು ಮೊದಲನೆಯದು, ತೆಳುಬಣ್ಣದ ನಿಲುವಂಗಿಯದು.