ಎಕ್ಸ್‌ಪೈರಿ ಹತ್ತಿರವಾದಂತೆ ಆಪ್ಷನ್ ಪ್ರೀಮಿಯಂ ಬೇಗ ಕರಗುವುದೇಕೆ?

ನಿಫ್ಟಿ ಸೂಚ್ಯಂಕ 25,000 ಅಂಶಗಳಲ್ಲಿದೆ ಎಂದು ಭಾವಿಸಿ, ಅದೇ 25,000 ಸ್ಟ್ರೈಕ್ ಬೆಲೆಯ ಕಾಲ್ ಆಪ್ಷನ್ ಒಂದನ್ನು ನೋಡೋಣ. ಅವಧಿ ಮುಗಿಯುವ ದಿನ, ಅಂದರೆ ಎಕ್ಸ್‌ಪೈರಿಯಂದು, ಸೂಚ್ಯಂಕವು ಸ್ಟ್ರೈಕನ್ನು ಎಷ್ಟು ಅಂಶ ಮೀರಿರುತ್ತದೋ ಅಷ್ಟು ರೂಪಾಯಿ ಕಾಲ್ ಆಪ್ಷನ್ ಕೊಂಡವರಿಗೆ ಸಿಗುತ್ತದೆ; ಅದಕ್ಕಾಗಿ ಅವರು ಮೊದಲೇ ತೆರುವ ಬೆಲೆಯೇ ಪ್ರೀಮಿಯಂ. ಸೂಚ್ಯಂಕವೂ ಸ್ಟ್ರೈಕೂ ಒಂದೇ ಮಟ್ಟದಲ್ಲಿರುವ ಇಂಥ ಆಪ್ಷನ್ನನ್ನು ‘ಅಟ್ ದಿ ಮನಿ’ ಎನ್ನುತ್ತಾರೆ. ಈ ಗಳಿಗೆಯಲ್ಲೇ ಲೆಕ್ಕ ಚುಕ್ತಾ ಮಾಡಿದರೆ ಅದಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೂ ಅದು ನೂರಾರು ರೂಪಾಯಿಗೆ ಮಾರಾಟವಾಗುತ್ತದೆ. ಕೊಡುವವರು ಕೊಡುತ್ತಿರುವುದು ಇನ್ನೂ ನಡೆಯದ ಏರಿಳಿತಕ್ಕೆ. ಹೀಗಾಗಿ ಬೆಲೆ ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಎಕ್ಸ್‌ಪೈರಿಗೆ ಎಷ್ಟು ಸಮಯ ಉಳಿದಿದೆ, ಮತ್ತು ಆ ಸಮಯದಲ್ಲಿ ಎಷ್ಟು ಏರಿಳಿತವನ್ನು ಮಾರುಕಟ್ಟೆ ನಿರೀಕ್ಷಿಸುತ್ತಿದೆ. ಉಳಿದುದೆಲ್ಲ ಹಾಗೆಯೇ ಇದ್ದು ಒಂದು ದಿನ ಕಳೆದರೆ ಬೆಲೆ ಎಷ್ಟು ಇಳಿಯುತ್ತದೆ ಎಂಬುದನ್ನು ಥೀಟಾ ತಿಳಿಸುತ್ತದೆ; ನಿರೀಕ್ಷಿತ ಏರಿಳಿತ, ಅಂದರೆ ಇಂಪ್ಲೈಡ್ ವೊಲಟಿಲಿಟಿ, ಒಂದು ಶೇಕಡಾ ಅಂಶದಷ್ಟು ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬುದನ್ನು ವೇಗಾ ತಿಳಿಸುತ್ತದೆ. ಪಠ್ಯಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದುಂಟು, ಆದರೆ ಅಟ್ ದಿ ಮನಿ ಆಪ್ಷನ್‌ನ ಮಟ್ಟಿಗೆ ಎರಡೂ ಒಂದೇ ವರ್ಗಮೂಲದಿಂದ ಹುಟ್ಟುತ್ತವೆ.

1973ರಲ್ಲಿ ಪ್ರಕಟವಾದ ಬ್ಲ್ಯಾಕ್–ಶೋಲ್ಸ್ ಸೂತ್ರವು ಮೇಲ್ನೋಟಕ್ಕೆ ಜಟಿಲವಾಗಿದ್ದರೂ, ಬಡ್ಡಿಯನ್ನು ಬದಿಗಿಟ್ಟು ಅಟ್ ದಿ ಮನಿ ಆಪ್ಷನ್‌ಗೆ ಅನ್ವಯಿಸಿದಾಗ ಬಾಯಿಲೆಕ್ಕಕ್ಕೆ ಒದಗುವಷ್ಟು ಸರಳವಾಗುತ್ತದೆ:

P ≈ 0.4 × S × σ × √T

ಇಲ್ಲಿ P ಪ್ರೀಮಿಯಂ, S ಸೂಚ್ಯಂಕದ ಮಟ್ಟ, σ ವಾರ್ಷಿಕ ವೊಲಟಿಲಿಟಿ, T ವರ್ಷಗಳಲ್ಲಿ ಅಳೆದ ಉಳಿದ ಅವಧಿ. ವೊಲಟಿಲಿಟಿ ಶೇ 12 ಇದ್ದು 30 ದಿನ ಉಳಿದಿದ್ದರೆ ನಮ್ಮ ಕಾಲ್ ಆಪ್ಷನ್‌ನ ಬೆಲೆ ಸುಮಾರು 343 ರೂಪಾಯಿ ಆಗುತ್ತದೆ.

ಸಮಯವು ವರ್ಗಮೂಲದ ರೂಪದಲ್ಲಿ ಬರುವುದಕ್ಕೆ ಕಾರಣವಿದೆ. ಇಂದು ಏರಿದ ಸೂಚ್ಯಂಕ ನಾಳೆಯೂ ಏರಲೇಬೇಕೆಂದಿಲ್ಲ. ಒಂದು ದಿನದ ಏರಿಕೆಯನ್ನು ಇನ್ನೊಂದು ದಿನದ ಇಳಿಕೆ ಭಾಗಶಃ ಅಳಿಸಿಹಾಕುತ್ತದೆ. ಆದ್ದರಿಂದ ನಾಲ್ಕು ದಿನಗಳಲ್ಲಿ ಸೂಚ್ಯಂಕವು ಹೊರಟ ಜಾಗದಿಂದ ಸರಿಯಬಹುದಾದ ದೂರವು ಒಂದು ದಿನದ ದೂರದ ನಾಲ್ಕು ಪಟ್ಟಲ್ಲ, ಸರಾಸರಿಯಲ್ಲಿ ಎರಡು ಪಟ್ಟು ಮಾತ್ರ. ಇದನ್ನೇ ತಿರುಗಿಸಿ ನೋಡಿದರೆ ಪ್ರೀಮಿಯಂ ಕರಗುವ ಬಗೆ ತಿಳಿಯುತ್ತದೆ. ದೂರದ ಎಕ್ಸ್‌ಪೈರಿಯಿಂದ ಒಂದು ದಿನವನ್ನು ಕಳೆದರೆ ಒಟ್ಟು ಅನಿಶ್ಚಿತತೆ ಅಷ್ಟೇನೂ ತಗ್ಗುವುದಿಲ್ಲ, ಏಕೆಂದರೆ ಆ ದಿನದ ಏರಿಳಿತವು ಉಳಿದ ದಿನಗಳ ಏರಿಳಿತದಲ್ಲಿ ಬಹುಪಾಲು ಮುಳುಗಿಹೋಗಿರುತ್ತದೆ. ಎರಡೇ ದಿನ ಉಳಿದಿರುವಾಗ ಒಂದನ್ನು ಕಳೆದರೆ ಮಾತ್ರ ಅದನ್ನು ಮುಚ್ಚಿಕೊಳ್ಳಲು ಬೇರೆ ದಿನಗಳಿಲ್ಲ.

ನಿಫ್ಟಿಯೂ ವೊಲಟಿಲಿಟಿಯೂ ಕದಲದೆ ನಿಂತಿವೆ ಎಂದಿಟ್ಟುಕೊಂಡು ಅಂಕಿಗಳನ್ನು ನೋಡಿದರೆ, 30ನೆಯ ದಿನದಿಂದ 29ಕ್ಕೆ ಬರುವಾಗ ಪ್ರೀಮಿಯಂ ಸುಮಾರು 6 ರೂಪಾಯಿ ಇಳಿಯುತ್ತದೆ. ಏಳು ದಿನ ಉಳಿದಾಗ ಬೆಲೆ 166. ಅಲ್ಲಿಂದ ಒಂದು ದಿನ ಕಳೆದರೆ 12 ರೂಪಾಯಿ ಹೋಗುತ್ತದೆ. ಎರಡು ದಿನ ಉಳಿದಾಗಿನ 89 ರೂಪಾಯಿ ಮರುದಿನ 63 ಆಗುತ್ತದೆ, ಮತ್ತು ಆ 63 ಕೊನೆಯ ಒಂದೇ ದಿನದಲ್ಲಿ ಪೂರ್ತಿ ಇಲ್ಲವಾಗುತ್ತದೆ. ಅವಧಿಯ ಮುಕ್ಕಾಲು ಭಾಗ ಕಳೆಯುವ ಹೊತ್ತಿಗೆ ಅರ್ಧ ಬೆಲೆ ಮಾತ್ರ ಹೋಗಿರುತ್ತದೆ. ಇನ್ನರ್ಧವು ಕೊನೆಯ ಕಾಲು ಭಾಗದಲ್ಲಿ ಹೋಗುತ್ತದೆ.

ವೇಗಾ ನಡೆಯುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಸೂತ್ರದಲ್ಲಿ ಬೆಲೆಯು σಗೆ ನೇರ ಅನುಪಾತದಲ್ಲಿರುವುದರಿಂದ, ಪ್ರೀಮಿಯಂ ಅನ್ನು ವೊಲಟಿಲಿಟಿಯ ಶೇಕಡಾ ಅಂಕಿಯಿಂದ ಭಾಗಿಸಿದರೆ ವೇಗಾ ಸಿಗುತ್ತದೆ: 30 ದಿನ ಉಳಿದಾಗ 343ನ್ನು 12ರಿಂದ ಭಾಗಿಸಿ ಸುಮಾರು 29 ರೂಪಾಯಿ, ಏಳು ದಿನಕ್ಕೆ 14, ಕೊನೆಯ ದಿನಕ್ಕೆ 5. ಒಂದು ದಿನದ ಕಾಲಹರಣವನ್ನು ವೊಲಟಿಲಿಟಿಯ ಏರಿಕೆಯಿಂದ ತುಂಬಿಕೊಳ್ಳಲು, 30 ದಿನ ಉಳಿದವನಿಗೆ ಅದು 12ರಿಂದ 12.2ಕ್ಕೆ ಏರಿದರೆ ಸಾಕು. ಎರಡು ದಿನ ಉಳಿದವನಿಗೆ 12ರಿಂದ 17ಕ್ಕೆ ಏರಬೇಕು. ತಿಂಗಳ ಆಪ್ಷನ್ ಕೊಂಡವರು ಬಹುಮಟ್ಟಿಗೆ ವೊಲಟಿಲಿಟಿಯ ವ್ಯಾಪಾರಿಗಳು. ಕೊನೆಯ ಎರಡು ದಿನಗಳ ಆಪ್ಷನ್ ಕೊಂಡವರಿಗೆ ವೇಗಾ ಬಹುತೇಕ ಲೆಕ್ಕಕ್ಕೇ ಬರುವುದಿಲ್ಲ.

ಈ ಭೇದ ಗೊತ್ತಿಲ್ಲದಿದ್ದರೆ ವೇಗಾ ಮಾಡಿದ ನಷ್ಟವನ್ನೂ ಥೀಟಾದ ತಲೆಗೆ ಕಟ್ಟುವುದು ಸುಲಭ. 343 ರೂಪಾಯಿಗೆ ಕೊಂಡ ಆಪ್ಷನ್ ಐದು ದಿನಗಳ ನಂತರ, ನಿಫ್ಟಿ 25,000ದಲ್ಲೇ ಇದ್ದರೂ, 287ಕ್ಕೆ ಇಳಿದಿದೆ ಎನ್ನೋಣ. ವೊಲಟಿಲಿಟಿ ಬದಲಾಗದಿದ್ದರೆ 25 ದಿನ ಉಳಿದಾಗಿನ ಬೆಲೆ 313 ಇರಬೇಕಿತ್ತು. ಆದ್ದರಿಂದ 56 ರೂಪಾಯಿ ನಷ್ಟದಲ್ಲಿ ಕಾಲದ ಪಾಲು 30 ಮಾತ್ರ. ಉಳಿದ 26 ರೂಪಾಯಿಯು ಆ ದಿನದ ವೇಗಾಕ್ಕೆ ಸಮ, ಅಂದರೆ ವೊಲಟಿಲಿಟಿ ಶೇ 12ರಿಂದ 11ಕ್ಕೆ ಕುಸಿದಿದೆ. ದೊಡ್ಡ ಘಟನೆಗಳ ಬಳಿಕ ಈ ಎರಡನೆಯ ಪಾಲೇ ಹಿರಿದಾಗುತ್ತದೆ. 2024ರ ಜೂನ್ 4ರಂದು ಲೋಕಸಭಾ ಚುನಾವಣೆಯ ಫಲಿತಾಂಶ ಬಂದಾಗ ನಿಫ್ಟಿ ಸುಮಾರು ಶೇ 6ರಷ್ಟು ಕುಸಿಯಿತು. ಮುಂದಿನ ಸುಮಾರು 30 ದಿನಗಳ ನಿರೀಕ್ಷಿತ ಏರಿಳಿತವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ಆ ದಿನ 26ರ ಮೇಲೆ ಮುಗಿದು, ಮರುದಿನವೇ 19ರ ಆಸುಪಾಸಿಗೆ ಇಳಿಯಿತು. ಆಗಿನ ಸೂಚ್ಯಂಕ ಮಟ್ಟದಲ್ಲಿ ತಿಂಗಳ ಆಪ್ಷನ್‌ನ ವೇಗಾ ಸುಮಾರು 25 ರೂಪಾಯಿ; ಏಳು ಅಂಶಗಳ ಇಳಿಕೆಯೆಂದರೆ ಒಂದೇ ದಿನದಲ್ಲಿ 175 ರೂಪಾಯಿ. ಯಾವ ಥೀಟಾವೂ ತಿಂಗಳ ಆಪ್ಷನ್ನನ್ನು ಅಷ್ಟು ವೇಗವಾಗಿ ಕರಗಿಸದು.

ಕೊನೆಯಲ್ಲಿ ವೇಗ ಹೆಚ್ಚುತ್ತದೆ ಎಂಬ ಮಾತನ್ನು ಎಲ್ಲ ಆಪ್ಷನ್‌ಗಳಿಗೂ ಅನ್ವಯಿಸುವುದು ಇನ್ನೊಂದು ತಪ್ಪು. ಅದೇ ಲೆಕ್ಕದಲ್ಲಿ 25,500 ಸ್ಟ್ರೈಕ್‌ನ ಕಾಲ್ ಆಪ್ಷನ್‌ಗೆ 30 ದಿನ ಉಳಿದಾಗ ಸುಮಾರು 150 ರೂಪಾಯಿ, 15 ದಿನಕ್ಕೆ 70, ಏಳು ದಿನಕ್ಕೆ 23, ಎರಡು ದಿನಕ್ಕೆ ಒಂದು ರೂಪಾಯಿ. ಅದರ ದಿನದ ಇಳಿಕೆ ನಡುವಿನ ದಿನಗಳಲ್ಲಿ ತುಸು ಏರಿ, ಕೊನೆಯಲ್ಲಿ ಬಹುತೇಕ ನಿಂತೇಹೋಗುತ್ತದೆ. ಏಳು ದಿನಗಳಲ್ಲಿ 500 ಅಂಶ ದಾಟುವುದೇ ಕಷ್ಟವೆಂದು ಮಾರುಕಟ್ಟೆ ಮೊದಲೇ ತೀರ್ಮಾನಿಸಿರುವುದರಿಂದ ಕರಗಲು ಉಳಿದಿರುವುದು ತೀರ ಕಡಿಮೆ. 25,000 ಸ್ಟ್ರೈಕ್‌ನಲ್ಲಾದರೆ ಕೊನೆಯ ಗಂಟೆಯವರೆಗೂ ಗೆಲುವು ಸೋಲು ಎರಡೂ ಸರಿಸಮ ಸಾಧ್ಯವಾಗಿ ಉಳಿಯುತ್ತವೆ.

ಹಾಗಾದರೆ ಕೊನೆಯ ದಿನ ಆಪ್ಷನ್ ಮಾರಿದವರಿಗೆ 63 ರೂಪಾಯಿ ಸುಮ್ಮನೆ ಸಿಗುವ ಹಣವೇ? ಅಲ್ಲ. ಇಷ್ಟು ಹೊತ್ತು ಸೂಚ್ಯಂಕ ನಿಂತಲ್ಲೇ ನಿಂತಿದೆ ಎಂದು ಲೆಕ್ಕ ಹಾಕಿದೆವು; ಆದರೆ ಶೇ 12ರ ವೊಲಟಿಲಿಟಿಯ ಅರ್ಥವೇ ನಿಫ್ಟಿ ಒಂದು ದಿನದಲ್ಲಿ 157 ಅಂಶಗಳ ಆಸುಪಾಸಿನಲ್ಲಿ ಸರಿಯಬಹುದು ಎಂಬುದು. ಹೆಚ್ಚಿದ ಥೀಟಾ ಈ ಸರಿತದ ಅಪಾಯಕ್ಕೆ ಸಿಗುವ ಪ್ರತಿಫಲ, ಮತ್ತು ಎಕ್ಸ್‌ಪೈರಿ ಹತ್ತಿರವಾದಂತೆ ಆ ಅಪಾಯವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಕೊನೆಯ ದಿನದ ಆರಂಭದಲ್ಲೇ ನಿಫ್ಟಿ 25,150ಕ್ಕೆ ಜಿಗಿದರೆ, 63 ರೂಪಾಯಿಗೆ ಮಾರಿದ ಕಾಲ್ ಆಪ್ಷನ್ ಸುಮಾರು 164 ಆಗುತ್ತದೆ. ಅದರಲ್ಲಿ 150 ನಿಜಮೌಲ್ಯ, ಕಾಲದಿಂದ ಕರಗಬಹುದಾದದ್ದು 14 ಮಾತ್ರ. ಮಾರಿದವರು ಕಾಯುತ್ತಿದ್ದ ಆ ವೇಗದ ಕರಗುವಿಕೆ ಈಗ ಅವರ ಸ್ಟ್ರೈಕ್‌ನಲ್ಲಿಲ್ಲ. ಅದು ಸೂಚ್ಯಂಕದ ಜೊತೆಗೇ 25,150 ಸ್ಟ್ರೈಕ್‌ಗೆ ಹೋಗಿರುತ್ತದೆ.