ಪ್ಲೆಡ್ಜ್ ಅಂದರೆ ‘ಬರ್ಕೊಳ್ಳಿ’

ಗಣೇಶನ ಹಬ್ಬಕ್ಕೆ ಬೀದಿ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದಾಗ ಕೆಲವರು ನಿಂತಲ್ಲೇ ದುಡ್ಡು ಕೊಡುತ್ತಾರೆ. ಇನ್ನು ಕೆಲವರು, "ನನ್ನ ಹೆಸರಲ್ಲಿ ಐನೂರು ಬರ್ಕೊಳ್ರಪ್ಪ, ಸಂಬಳ ಆದ್ಮೇಲೆ ಬಂದು ಇಸ್ಕೊಳ್ಳಿ" ಅನ್ನುತ್ತಾರೆ. ಈ ಎರಡನೆಯದೇ ಪ್ಲೆಡ್ಜ್. ನಿಘಂಟಿನಲ್ಲಿ ‘ವಾಗ್ದಾನ’ ಅಂತ ಸಿಗುತ್ತದೆ. ನನಗೆ ‘ಬರೆಸಿದ ಹಣ’ ಅನ್ನೋದೇ ಸರಿಯಾಗಿ ಕೇಳಿಸುತ್ತದೆ.

ಬೆಂಗಳೂರಿನ ಟ್ರಸ್ಟ್‌ಗಳು ನಡೆಸುವ ಫಂಡ್‌ರೈಸಿಂಗ್ ಡಿನ್ನರ್‌ಗಳಲ್ಲಿ ಈ ಪದ ಜಾಸ್ತಿ ಕಿವಿಗೆ ಬೀಳುತ್ತದೆ. ಅದರ ಜೋಡಿ ಪದ ಅಪೀಲ್. ವೇದಿಕೆಯಿಂದ ಒಬ್ಬರು ನೇರವಾಗಿ "ಇಷ್ಟು ಬೇಕು, ಯಾರು ಕೊಡುತ್ತೀರಿ?" ಅಂತ ಕೇಳುವ ಹತ್ತು ಹದಿನೈದು ನಿಮಿಷವೇ ಅಪೀಲ್. ಸಂಜೆಯ ಹಾಡು, ಭಾಷಣ, ವೀಡಿಯೊ ಎಲ್ಲ ಇರುವುದೇ ಈ ಹದಿನೈದು ನಿಮಿಷಕ್ಕಾಗಿ.

ಹಾಗಾದರೆ ಅದು ಯಾವಾಗ ಬರಬೇಕು? ಹೊರದೇಶದ ಮಾರ್ಗದರ್ಶಿಗಳಲ್ಲಿ ‘ಊಟ ಆಗಿ ಸಿಹಿ ಬರುವ ಮೊದಲು’ ಅಂತ ಇರುತ್ತದೆ. ಅಲ್ಲಿ ಎಲ್ಲರಿಗೂ ಕೂತಲ್ಲಿಗೇ ಬಡಿಸುತ್ತಾರೆ, ಸಿಹಿ ಬರುವ ತನಕ ಯಾರೂ ಏಳುವುದಿಲ್ಲ. ನಮ್ಮಲ್ಲಿ ಬಫೆ. ನಾನು ಮೊದಲ ಸಲ ಸ್ವಯಂಸೇವಕನಾಗಿ ಹೋಗಿದ್ದ ಡಿನ್ನರ್‌ನಲ್ಲಿ ಆ ಸಲಹೆಯನ್ನೇ ನಂಬಿ, ಬಫೆ ತೆರೆದ ಅರ್ಧ ಗಂಟೆಯ ಮೇಲೆ ಅಪೀಲ್ ಇಟ್ಟಿದ್ದರು. ಅರ್ಧ ಜನ ದೋಸೆ ಕೌಂಟರ್ ಮುಂದೆ. ಉಳಿದವರ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ. ಕೈ ಎತ್ತಿ ಅಂದರೆ ಯಾವ ಕೈ ಎತ್ತುತ್ತಾರೆ?

ಬಫೆ ಆದರೆ ಅಪೀಲ್ ಊಟಕ್ಕೆ ಮೊದಲೇ ಮುಗಿಯಬೇಕು. ಆಹ್ವಾನದಲ್ಲಿ 7 ಗಂಟೆ ಅಂತ ಹಾಕಿದರೂ ಟ್ರಾಫಿಕ್ ದಾಟಿ ಜನ ಸೇರುವಾಗ 7.45 ಆಗುತ್ತದೆ. ಅಲ್ಲಿಯವರೆಗೆ ಸ್ಟಾರ್ಟರ್ಸ್ ಧಾರಾಳವಾಗಿ ಓಡಾಡಲಿ. ಹಸಿದವರು ಗಡಿಯಾರ ನೋಡುತ್ತಾರೆ, ವೇದಿಕೆಯನ್ನಲ್ಲ. 8ಕ್ಕೆ ಸ್ವಾಗತ, ಹತ್ತು ನಿಮಿಷದ ಹಾಡು, ಆಮೇಲೆ ಟ್ರಸ್ಟ್‌ನಿಂದ ಉಪಕಾರ ಪಡೆದ ಒಬ್ಬರೇ ಒಬ್ಬರ ಮಾತು. ಅವರು ಕೂತ ತಕ್ಷಣ, ಅಂದರೆ ಸುಮಾರು 8.30ಕ್ಕೆ, ಅಪೀಲ್. ನಡುವೆ ಸನ್ಮಾನ, ಶಾಲು, ಹಾರ ತುರುಕಬೇಡಿ. ಎದೆ ತಟ್ಟಿದ ಮಾತು ಅಷ್ಟರಲ್ಲಿ ಆರಿ ಹೋಗುತ್ತದೆ. 8.50ಕ್ಕೆ ಬಫೆ.

ಕೇಳುವುದು ಮೇಲಿನಿಂದ ಕೆಳಕ್ಕೆ. 150 ಅತಿಥಿಗಳಿದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲು ₹1 ಲಕ್ಷ ಕೇಳಿ. ಇದಕ್ಕೆ ಕೈ ಎತ್ತುವ ಒಬ್ಬರನ್ನು ವಾರದ ಮುಂಚೆಯೇ ಮಾತಾಡಿಸಿ ಒಪ್ಪಿಸಿರಬೇಕು. ಮೊದಲ ಮೊತ್ತಕ್ಕೇ ಯಾರೂ ಕೈ ಎತ್ತದೆ ಮೌನ ಬಿದ್ದರೆ ಸಂಜೆ ಮತ್ತೆ ಏಳುವುದಿಲ್ಲ. ಆಮೇಲೆ ₹50,000ಕ್ಕೆ ಮೂವರು, ₹25,000ಕ್ಕೆ ಎಂಟು, ₹10,000ಕ್ಕೆ ಇಪ್ಪತ್ತು, ₹5,000ಕ್ಕೆ ಇಪ್ಪತ್ತನಾಲ್ಕು ಜನ ಬಂದರೂ ಒಟ್ಟು ₹7.7 ಲಕ್ಷ. ಕೆಳಗಿನಿಂದ ಶುರು ಮಾಡಿದರೆ, ₹50,000 ಕೊಡಬಲ್ಲವರೂ ₹5,000ಕ್ಕೆ ಕೈ ಎತ್ತಿ ನಿರಾಳವಾಗಿ ಕೂತುಬಿಡುತ್ತಾರೆ. ಒಂದೊಂದು ಮೊತ್ತ ಹೇಳಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಬೇಕು. ನಮ್ಮ ನಿರೂಪಕರಿಗೆ ಅದೇ ಕಷ್ಟ, ಖಾಲಿ ಸಿಕ್ಕರೆ ಜೋಕ್ ಹೇಳಿಬಿಡುತ್ತಾರೆ.

ಇನ್ನು ಬರೆಸಿಕೊಳ್ಳುವುದು. ಪ್ಲೆಡ್ಜ್ ಕಾರ್ಡ್, ಪೆನ್ನು ಮೊದಲೇ ಟೇಬಲ್ ಮೇಲಿರಲಿ. ಹೆಸರು, ಫೋನ್, ಮೊತ್ತ, ಯಾವಾಗ ಕೊಡುತ್ತೀರಿ, ಪ್ಯಾನ್ ನಂಬರ್, ಇಷ್ಟು ಸಾಕು. ಎರಡು ಟೇಬಲ್‌ಗೆ ಒಬ್ಬ ಸ್ವಯಂಸೇವಕ ನಿಂತು, ಬಫೆ ತೆರೆಯುವ ಮೊದಲೇ ಕಾರ್ಡ್ ಕೈಗೆ ತೆಗೆದುಕೊಳ್ಳಬೇಕು. "ಮನೆಗೆ ಹೋಗಿ ತುಂಬಿ ಕಳಿಸ್ತೀನಿ" ಅಂದವರ ಕಾರ್ಡ್ ಬರುವುದು ಅಪರೂಪ. ಪರದೆ ಮೇಲೆ ಕ್ಯೂಆರ್ ಹಾಕಿದರೆ ಸಾಲದಾ ಅಂತ ಕೇಳುತ್ತಾರೆ. ಹಣ ಬರುತ್ತದೆ, ಪ್ಯಾನ್ ಬರುವುದಿಲ್ಲ. ಹಾಗಾಗಿ ಯುಪಿಐ ಮಾಡಿದವರೂ ಕಾರ್ಡ್ ತುಂಬಲಿ. ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗುವುದಾದರೆ ಹಣ ಕೊಟ್ಟ ವರ್ಷಕ್ಕೆ, ಬರೆಸಿದ ವರ್ಷಕ್ಕಲ್ಲ. ನಗದು ₹2,000 ಮೀರಿದರೆ ಅದೂ ಇಲ್ಲ. ಡಿನ್ನರ್ ಮಾರ್ಚ್ ಕೊನೆಗಿದ್ದರೆ ಇದನ್ನು ವೇದಿಕೆಯಲ್ಲೇ ಹೇಳಿಬಿಡಿ.

ಬರೆಸಿ ಕೊಡದಿದ್ದರೆ ಕೋರ್ಟಿಗೆ ಹೋಗಬಹುದಾ? ಬರೀ ಮಾತಾದರೆ ಸಾಮಾನ್ಯವಾಗಿ ಇಲ್ಲ. 1886ರಲ್ಲಿ ಹೌರಾ ಟೌನ್ ಹಾಲ್‌ಗೆ ₹100 ಬರೆಸಿದ್ದವರು ಕೊಡಲೇಬೇಕು ಅಂತ ಕಲ್ಕತ್ತಾ ಹೈಕೋರ್ಟ್ ಹೇಳಿತ್ತು. ಅಲ್ಲಿ ಅಂಥ ಮಾತುಗಳನ್ನು ನಂಬಿ ಕಂಟ್ರಾಕ್ಟರ್‌ಗೆ ಕೆಲಸ ಒಪ್ಪಿಸಿಯಾಗಿತ್ತು. ಆದರೆ ಊಟಕ್ಕೆ ಕರೆದ ಅತಿಥಿಗೆ ನೋಟಿಸ್ ಕಳಿಸುವವರು ಯಾರು, ಅಲ್ವಾ? ಅದಕ್ಕಿಂತ ಮರುದಿನ ಬೆಳಿಗ್ಗೆ ಧನ್ಯವಾದದ ಜೊತೆ ಬ್ಯಾಂಕ್ ವಿವರ ಕಳಿಸಿ, ವಾರ ಕಳೆದರೆ ಅವರ ಪರಿಚಯದವರಿಂದಲೇ ಫೋನ್ ಮಾಡಿಸುವುದು ಲೇಸು. ಒಮ್ಮೆ ₹25,000 ಬರೆಸಿದವರಿಗೆ ಫೋನ್ ಮಾಡಲು ಹೊರಟರೆ ಕಾರ್ಡ್‌ನಲ್ಲಿ ಒಂಬತ್ತೇ ಅಂಕಿ. ಅಂದಿನಿಂದ ನಾನು ಹತ್ತು ಎಣಿಸಿಯೇ ಕಾರ್ಡ್ ತೆಗೆದುಕೊಳ್ಳುತ್ತೇನೆ.